ಈಸಿಂಗ್: ಚಲನೆಯ ಮೂರು ಸೂತ್ರಗಳು

ಈಸಿಂಗ್ ಫಂಕ್ಷನ್ ಎಂದರೆ ಅನಿಮೇಷನ್‌ನಲ್ಲಿ ಎಷ್ಟು ಕಾಲ ಕಳೆದಿದೆ ಎಂಬುದನ್ನು ತೆಗೆದುಕೊಂಡು, ವಸ್ತು ಎಷ್ಟು ದೂರ ಸಾಗಿರಬೇಕು ಎಂಬುದನ್ನು ಹೇಳುವ ಸೂತ್ರ. ಕಾಲವನ್ನು `t` ಎನ್ನುತ್ತಾರೆ. ಶುರುವಿನಲ್ಲಿ ಅದು 0, ಮುಗಿಯುವಾಗ 1. ಸೂತ್ರದ ಉತ್ತರವೂ 0ಯಿಂದ ಹೊರಟು 1ಕ್ಕೆ ಬಂದು ನಿಲ್ಲಬೇಕು. ನಡುವೆ ಅದು ಏನು ಮಾಡುತ್ತದೆ ಎಂಬುದರಲ್ಲೇ ಸ್ವಾರಸ್ಯವಿರುವುದು. ಫ್ಲ್ಯಾಶ್ ಕಾಲದಲ್ಲಿ ರಾಬರ್ಟ್ ಪೆನ್ನರ್ ಇಂಥ ಸೂತ್ರಗಳನ್ನು ಒಟ್ಟುಮಾಡಿ ಜನಪ್ರಿಯಗೊಳಿಸಿದರು.

ಒಂದು ಚೌಕ 1 ಸೆಕೆಂಡಿನಲ್ಲಿ 400 ಪಿಕ್ಸೆಲ್ ಸರಿಯಬೇಕಿದೆ. `t` ಅನ್ನೇ ನೇರವಾಗಿ ಬಳಸಿದರೆ ಕಾಲು ಸೆಕೆಂಡಿಗೆ 100, ಅರ್ಧಕ್ಕೆ 200 ಪಿಕ್ಸೆಲ್. ವೇಗ ಎಲ್ಲೂ ಬದಲಾಗದ್ದರಿಂದ ಚೌಕ ಥಟ್ಟನೆ ಹೊರಟು ಥಟ್ಟನೆ ನಿಲ್ಲುತ್ತದೆ.

```js
const easeIn  = t => t ** 3;
const easeOut = t => 1 - (1 - t) ** 3;
```

ಒಂದಕ್ಕಿಂತ ಕಡಿಮೆಯಿರುವ ಸಂಖ್ಯೆಯ ಘನ ಆ ಸಂಖ್ಯೆಗಿಂತ ಚಿಕ್ಕದು. ಈಸ್ ಇನ್ ನಿಂತಿರುವುದು ಈ ಗುಣದ ಮೇಲೆ. ಕಾಲು ಸೆಕೆಂಡಿಗೆ ಚೌಕ ಬರೀ 6.25 ಪಿಕ್ಸೆಲ್ ಕದಲುತ್ತದೆ, ಅರ್ಧಕ್ಕೆ 50. ಉಳಿದ ದೂರವೆಲ್ಲ ದ್ವಿತೀಯಾರ್ಧದ ಪಾಲು. ಕೊನೆ ಮುಟ್ಟುವಾಗ ವೇಗ ಸರಾಸರಿಯ ಮೂರು ಪಟ್ಟು.

ಈಸ್ ಔಟ್ ಹೊಸ ಸೂತ್ರವೇನಲ್ಲ, ಅದನ್ನೇ ತಿರುಗಿಸಿದ್ದು. `1 - t` ಎಂದರೆ ಉಳಿದಿರುವ ಕಾಲ. ಅದರ ಘನ, ಉಳಿದಿರುವ ದೂರ. ಅದನ್ನು 1ರಿಂದ ಕಳೆದರೆ ಸಾಗಿದ ದೂರ ಸಿಗುತ್ತದೆ. ಈಗ ಕಾಲು ಸೆಕೆಂಡಿಗೇ ಚೌಕ 231 ಪಿಕ್ಸೆಲ್ ದಾಟಿರುತ್ತದೆ, ಕೊನೆಗೆ ಮೆಲ್ಲಗೆ ಬಂದು ನಿಲ್ಲುತ್ತದೆ. ಬಟನ್ ಒತ್ತಿದಾಗ ತೆರೆಯುವ ಮೆನುವಿಗೆ ಇದೇ ಸರಿ. ಈಸ್ ಇನ್ ಹಾಕಿದರೆ ಒತ್ತಿದ್ದು ತಗುಲಲೇ ಇಲ್ಲವೇನೋ ಅನ್ನಿಸುತ್ತದೆ.

ಎಲಾಸ್ಟಿಕ್ ಸೂತ್ರ ಕಣ್ಣಿಗೆ ಭಯಂಕರ, ಒಳಗೆ ಸರಳ:

```js
const elasticOut = t => t === 0 ? 0 : t === 1 ? 1 :
  2 ** (-10 * t) *
  Math.sin((10 * t - 0.75) * 2 * Math.PI / 3) + 1;
```

ಸ್ಪ್ರಿಂಗಿಗೆ ತೂಗುಹಾಕಿದ ಗುಂಡು ಹೇಗೆ ಕುಣಿದು ಸುಮ್ಮನಾಗುತ್ತದೋ ಹಾಗೆಯೇ ಇದೂ. ಕುಣಿತ `Math.sin`ನದು, `t` 0.3ರಷ್ಟು ಮುಂದುವರಿದಾಗಲೆಲ್ಲ ಒಂದು ಸುತ್ತು ಮುಗಿಯುತ್ತದೆ. ಕುಣಿತವನ್ನು ಸೊರಗಿಸುವುದು `2 ** (-10 * t)`: `t` 0.1 ಹೆಚ್ಚಿದಂತೆಲ್ಲ ಅದು ಅರ್ಧಕ್ಕಿಳಿಯುತ್ತದೆ. 0.75ನ್ನು ಕಳೆಯುವುದರಿಂದ ಸೈನ್‌ನ ಬೆಲೆ ಆರಂಭದಲ್ಲಿ −1 ಆಗುತ್ತದೆ, ಕೊನೆಯ `+ 1` ಅದನ್ನು ಸರಿಗಟ್ಟಿ 0 ಮಾಡುತ್ತದೆ. `t` 1 ಆದಾಗ ಮಾತ್ರ ಸೂತ್ರ 1ಕ್ಕಿಂತ ಸುಮಾರು 0.0005 ಹೆಚ್ಚು ಕೊಡುತ್ತದೆ. ಚೌಕ ಗುರಿಯಿಂದ ಕೂದಲೆಳೆಯಷ್ಟು ಆಚೆ ನಿಲ್ಲಬಾರದೆಂದೇ 1ನ್ನು ಪ್ರತ್ಯೇಕವಾಗಿ ಬರೆದಿರುವುದು.

ಮೊದಲ ನೆಗೆತದಲ್ಲಿ ಉತ್ತರ ಸುಮಾರು 1.37 ತಲುಪುವುದರಿಂದ ಚೌಕ 549 ಪಿಕ್ಸೆಲ್‌ವರೆಗೂ ಹೋಗಿ ಹಿಂದಿರುಗುತ್ತದೆ. ಆಚೆ ಅಷ್ಟು ಜಾಗವಿಲ್ಲದಿದ್ದರೆ ಅಂಚು ಕತ್ತರಿಸಿದಂತೆ ಕಾಣುತ್ತದೆ. ಪಾರದರ್ಶಕತೆಗೆ ಇದನ್ನು ಬಳಸಿ ಫಲವಿಲ್ಲ: 1ರ ಮೇಲಿನದೆಲ್ಲ 1 ಎಂದೇ ಲೆಕ್ಕ, ಕುಣಿತದ ಮೇಲಿನ ಅರ್ಧ ಕಾಣುವುದೇ ಇಲ್ಲ. ಅವಧಿ ತೀರಾ ಕಿರಿದಾದರೂ ಕಷ್ಟ. ಸೆಕೆಂಡಿಗೆ 60 ಫ್ರೇಮ್ ತೋರಿಸುವ ಪರದೆಯಲ್ಲಿ 0.2 ಸೆಕೆಂಡಿನ ಅನಿಮೇಷನ್‌ಗೆ ಒಂದು ಸುತ್ತಿಗೆ ನಾಲ್ಕು ಫ್ರೇಮ್ ಕೂಡ ದಕ್ಕದೆ, ಕುಣಿತದ ಬದಲು ಬರೀ ನಡುಕ ಕಾಣುತ್ತದೆ. ಅವಧಿಯನ್ನು ಮುಕ್ಕಾಲು ಸೆಕೆಂಡಿಗೆ ಏರಿಸಿದರೆ ಪ್ರತಿ ಸುತ್ತಿಗೂ ಹದಿಮೂರು ಫ್ರೇಮ್‌ಗಳು ಸಿಗುತ್ತವೆ.