ಆಫರ್ ಲೆಟರ್ ಹೇಳದೆ ಬಿಡುವ ಮೂರು ಸಂಗತಿ

ಮೈಸೂರಿನಲ್ಲಿ ದುಡಿಯುವ ಒಬ್ಬರಿಗೆ ಬೆಂಗಳೂರಿನಿಂದ ಆಫರ್ ಲೆಟರ್ ಬಂದಿದೆ ಎಂದುಕೊಳ್ಳಿ. ಸಿಟಿಸಿ 12 ಲಕ್ಷ. ಅದನ್ನು ಗೆಳೆಯರಿಗೆ ಕಳಿಸಿ 'ಒಪ್ಪಿಕೊಳ್ಳಲಾ?' ಎಂದು ಕೇಳುತ್ತಾರೆ. ಆ ಪತ್ರವೊಂದನ್ನೇ ನೋಡಿ ಉತ್ತರ ಹೇಳಲಾಗದು.

12 ಲಕ್ಷವೆಂದರೆ ತಿಂಗಳಿಗೆ ಲಕ್ಷ ರೂಪಾಯಿ ಅಲ್ಲ. ಅದರಲ್ಲಿ 1,50,000 ವೇರಿಯಬಲ್ ಪೇ. ಕಂಪನಿ ಕಟ್ಟುವ ಪಿಎಫ್ 21,600. ಮೂಲವೇತನ 6 ಲಕ್ಷವಾದರೆ ಗ್ರಾಚ್ಯುಯಿಟಿಯ ಪಾಲು ಸುಮಾರು 28,860. ಇವನ್ನು ಕಳೆದು, ಉದ್ಯೋಗಿಯ ಪಿಎಫ್ ಮತ್ತು ವೃತ್ತಿ ತೆರಿಗೆಯನ್ನೂ ಮುರಿದುಕೊಂಡರೆ, ಆದಾಯ ತೆರಿಗೆಗೆ ಮುನ್ನ ಕೈಗೆ ಸಿಗುವುದು ತಿಂಗಳಿಗೆ ಸುಮಾರು 81,000.

ಈಗ ಪತ್ರದಲ್ಲಿಲ್ಲದ್ದನ್ನು ಕೇಳಬೇಕು. ಮೊದಲನೆಯದು, ಸದ್ಯದ ಸಂಬಳ ಮತ್ತು ಮನೆ. ಈಗ 62,000 ಕೈಗೆ ಬರುತ್ತಿದ್ದು, ವಾಸ ಸ್ವಂತ ಮನೆಯಲ್ಲಾದರೆ, ಹೆಚ್ಚುವ 19,000 ಬೆಂಗಳೂರಿನ ಬಾಡಿಗೆಗೇ ಸರಿಹೋಗಬಹುದು. ಈಗಲೂ ಬಾಡಿಗೆ ಮನೆಯೇ ಆಗಿದ್ದರೆ ಲೆಕ್ಕ ಬದಲಾಗುತ್ತದೆ.

ಎರಡನೆಯದು, ಕಳೆದ ಎರಡು ವರ್ಷ ಅದೇ ತಂಡದವರಿಗೆ ವೇರಿಯಬಲ್ ಪೇ ಎಷ್ಟು ಪಾಲು ಸಿಕ್ಕಿತು ಎಂಬುದು. ಎಚ್‌ಆರ್ ನೇರವಾಗಿ ಉತ್ತರಿಸದಿದ್ದರೆ ಅದನ್ನು ಸೊನ್ನೆಯೆಂದೇ ಎಣಿಸುವುದು ಕ್ಷೇಮ.

ಮೂರನೆಯದು ನೋಟಿಸ್ ಅವಧಿ. ಹಳೆಯ ಕಂಪನಿ 90 ದಿನ ಕೇಳಿ, ಹೊಸದು 30 ದಿನದಲ್ಲಿ ಬಾ ಎಂದರೆ ಉಳಿದ ಎರಡು ತಿಂಗಳ ಹಣ ಕಟ್ಟುವವರಾರು? ಹೊಸ ಕಂಪನಿ ಭರಿಸುವುದಾದರೆ ಅದನ್ನು ಬರಹದಲ್ಲೇ ಪಡೆಯಬೇಕು. ಉತ್ತರ ಕೈಸೇರುವ ತನಕ ರಾಜೀನಾಮೆ ಕೊಡಬೇಡಿ.