ತೆರೆಯ ಮೇಲಿನ ಶೇಕಡಾವಾರು

2024ರ ಮೇ 7ರಂದು, ಲೋಕಸಭಾ ಚುನಾವಣೆಯ ಮೂರನೆಯ ಹಂತದಲ್ಲಿ, ಬೀದರ ಕ್ಷೇತ್ರವೂ ಸೇರಿದಂತೆ ಕರ್ನಾಟಕದ ಹದಿನಾಲ್ಕು ಕ್ಷೇತ್ರಗಳು ಬೆಳಗಿನ ಏಳರಿಂದ ಸಂಜೆಯ ಆರರವರೆಗೆ ಮತ ನೀಡಿದುವು. ಅಂದು ರಾತ್ರಿ ಎಂಟು ಗಂಟೆಗೆ ಆ ಹಂತದ ಮತಪ್ರಮಾಣವು ದೇಶಾದ್ಯಂತ ಶೇ. 61.45 ಎಂದು ಚುನಾವಣಾ ಆಯೋಗವು ತಿಳಿಸಿತು; ಹನ್ನೊಂದೂ ನಲವತ್ತಕ್ಕೆ ಅದೇ ಪ್ರಮಾಣ ಶೇ. 64.40 ಆಯಿತು, ನಾಲ್ಕು ದಿನಗಳ ತರುವಾಯ ಹೊರಬಂದ ಅಂಕಿಯಲ್ಲಿ ಅದು ಶೇ. 65.68ಕ್ಕೆ ಬಂದು ನಿಂತಿತು. ಮತಗಟ್ಟೆಗಳ ಬಾಗಿಲು ಮುಚ್ಚಿದ ಮೇಲೆಯೂ ಬೆಳೆಯುತ್ತ ಹೋಗುವ ಸಂಖ್ಯೆಯನ್ನು ಕಂಡವರಿಗೆ ಶಂಕೆ ಹುಟ್ಟುವುದು ಸಹಜವೇ. ಆದರೆ ಈ ಬೆಳವಣಿಗೆಯ ಕಾರಣವು ಆ ಸಂಖ್ಯೆ ತೆರೆಗೆ ಬರುವ ಹಾದಿಯಲ್ಲಿಯೇ ಅಡಗಿರುವುದರಿಂದ, ಆ ಹಾದಿಯನ್ನೇ ಒಮ್ಮೆ ನಡೆದು ನೋಡುವುದು ಉಚಿತ.

ಬಸವಕಲ್ಯಾಣದಿಂದ ಬೇರ್ಪಟ್ಟು ಇತ್ತೀಚೆಗೆ ತಾಲೂಕು ಕೇಂದ್ರವಾದ ಹುಲಸೂರಿನ ಒಂದು ಶಾಲೆಯ ಕೊಠಡಿಯನ್ನು ಮತಗಟ್ಟೆಯೆಂದು ಭಾವಿಸಿಕೊಳ್ಳೋಣ. ಎರಡೆರಡು ಗಂಟೆಗೊಮ್ಮೆ, ಅಂದರೆ ಒಂಬತ್ತು, ಹನ್ನೊಂದು, ಒಂದು, ಮೂರು, ಐದು ಗಂಟೆಗಳಿಗೆ, ಅಲ್ಲಿಯವರೆಗೆ ಬಿದ್ದ ಮತಗಳ ಸಂಖ್ಯೆಯನ್ನು ಗುರುತು ಹಾಕಿಕೊಳ್ಳುವುದು ಅಧ್ಯಕ್ಷಾಧಿಕಾರಿಯ ಕರ್ತವ್ಯ. 2024ರ ಆ ಚುನಾವಣೆಯಲ್ಲಿ ಹತ್ತು ಹನ್ನೆರಡು ಮತಗಟ್ಟೆಗಳ ಮೇಲ್ವಿಚಾರಣೆ ಹೊತ್ತ ಸೆಕ್ಟರ್ ಅಧಿಕಾರಿಯು ಫೋನಿನಲ್ಲಿಯೋ ಜೀಪಿನಲ್ಲಿ ಬಂದೋ ಆ ಸಂಖ್ಯೆಯನ್ನು ಕೇಳಿ ತಿಳಿದು, ಕೂಡಿಸಿ, ಸಹಾಯಕ ಚುನಾವಣಾಧಿಕಾರಿಯ ಕಚೇರಿಗೆ ಮುಟ್ಟಿಸುತ್ತಿದ್ದನು. ಅಲ್ಲಿ ಇಡೀ ವಿಧಾನಸಭಾ ಕ್ಷೇತ್ರದ ಮೊತ್ತವನ್ನು ಗಣಕಯಂತ್ರಕ್ಕೆ ತುಂಬಲಾಗಿ, ಅದು ‘ವೋಟರ್ ಟರ್ನ್‌ಔಟ್’ ಆ್ಯಪಿನ ಫಲಕದಲ್ಲಿ ಶೇಕಡಾವಾರಾಗಿ ಮೂಡುತ್ತಿತ್ತು. ಬೀದರ ಲೋಕಸಭಾ ಕ್ಷೇತ್ರಕ್ಕೆ ಇಂತಹ ಮೊತ್ತಗಳು ಎಂಟು; ಬಸವಕಲ್ಯಾಣ, ಹುಮನಾಬಾದಗಳೊಡನೆ ಕಲಬುರಗಿ ಜಿಲ್ಲೆಯ ಆಳಂದ, ಚಿಂಚೋಳಿಗಳೂ ಅದರೊಳಗೆ ಸೇರಿವೆ. 2008ರ ಪುನರ್ವಿಂಗಡಣೆಯವರೆಗೆ ತಾನೇ ಒಂದು ವಿಧಾನಸಭಾ ಕ್ಷೇತ್ರವಾಗಿದ್ದ ಹುಲಸೂರಿಗೆ ಆ ಫಲಕದಲ್ಲಿ ಪ್ರತ್ಯೇಕ ಸಾಲೇ ಇರಲಿಲ್ಲ.

ಇಲ್ಲಿ ಗಮನಿಸಬೇಕಾದುದು ಇಷ್ಟು: ಮತಯಂತ್ರಕ್ಕೂ ಈ ಫಲಕಕ್ಕೂ ಯಾವ ತಂತಿಯ ಸಂಬಂಧವೂ ಇರಲಿಲ್ಲ. ‘ಲೈವ್’ ಎಂದು ನಾವು ನೋಡುತ್ತಿದ್ದುದು ಮನುಷ್ಯರು ಒಬ್ಬರಿಗೊಬ್ಬರು ಹೇಳಿದ ಮಾತಿನ ಮೊತ್ತವನ್ನು. ಹೇಳಬೇಕಾದವನು ಸರಿಯಾಗಿ ಆ ಹೊತ್ತಿಗೆ ದೊರೆಯದಿದ್ದರೆ, ಅಥವಾ ಸಾಲು ಉದ್ದವಾಗಿ ಆತನಿಗೆ ಫೋನೆತ್ತಲು ಬಿಡುವಿಲ್ಲದಿದ್ದರೆ, ಹಿಂದಿನ ಸಲ ಹೇಳಿದ ಸಂಖ್ಯೆಯೇ ಮೊತ್ತದೊಳಗೆ ಉಳಿದುಬಿಡುತ್ತಿತ್ತು. ವಿಪರ್ಯಾಸವೆಂದರೆ ಮತದಾನ ಅತ್ಯಂತ ಬಿರುಸಾಗಿ ನಡೆದಿರುವ ಮತಗಟ್ಟೆಯೇ ಸುದ್ದಿ ಕಳುಹಿಸಲು ಹಿಂದೆ ಬೀಳುವ ಸಂಭವ ಹೆಚ್ಚಾಗಿತ್ತು. ಆದುದರಿಂದ ಈ ಅಂಕಿ ತಪ್ಪಿದಾಗ ಸಾಮಾನ್ಯವಾಗಿ ಕೆಳಮುಖವಾಗಿಯೇ ತಪ್ಪುತ್ತಿತ್ತು.

ಕಲ್ಪಿತ ಲೆಕ್ಕವೊಂದರಿಂದ ಇದನ್ನು ಸ್ಪಷ್ಟಪಡಿಸಬಹುದು. ತಲಾ ಸಾವಿರ ಮತದಾರರಿರುವ ಹತ್ತು ಮತಗಟ್ಟೆಗಳಿವೆಯೆನ್ನಿ. ಸಂಜೆ ಐದಕ್ಕೆ ಪ್ರತಿಯೊಂದರಲ್ಲಿಯೂ ಆರುನೂರು ಮತಗಳು ಬಿದ್ದಿವೆ. ವಾಸ್ತವಿಕ ಪ್ರಮಾಣ ಶೇ. 60. ಆದರೆ ಏಳು ಮತಗಟ್ಟೆಗಳು ಮಾತ್ರ ಐದು ಗಂಟೆಯ ಸಂಖ್ಯೆಯನ್ನು ಹೇಳಿದುವು. ಉಳಿದ ಮೂರರಿಂದ ಮೂರು ಗಂಟೆಯ ಹಳೆಯ ಸಂಖ್ಯೆ, ತಲಾ ನಾನೂರೈವತ್ತು, ಹಾಗೆಯೇ ನಿಂತಿತು. 4,200ಕ್ಕೆ 1,350 ಸೇರಿ 5,550 ಆಗಿ, ಫಲಕದ ಮೇಲೆ ಶೇ. 55.5 ಎಂದು ಮೂಡಿತು. ಅನಂತರದ ಒಂದು ಗಂಟೆಯಲ್ಲಿ ಮತ್ತು ಅದರಾಚೆ, ಪ್ರತಿ ಮತಗಟ್ಟೆಯಲ್ಲಿ ಇನ್ನೂ ಐವತ್ತು ಮಂದಿ ಮತ ಹಾಕಿದರೆ ಕೊನೆಯ ಪ್ರಮಾಣ ಶೇ. 65. ನೋಡುವವನ ಕಣ್ಣಿಗೆ ಒಂಬತ್ತೂವರೆ ಅಂಶಗಳ ಏರಿಕೆ; ಅದರಲ್ಲಿ ನಾಲ್ಕೂವರೆ ಸುದ್ದಿಯ ವಿಳಂಬದ್ದು, ಐದು ನಿಜವಾದ ಮತದಾರರದು. ಮತಗಟ್ಟೆವಾರು ಪಟ್ಟಿ ಕೈಯಲ್ಲಿದ್ದರೆ ಇವೆರಡನ್ನೂ ಬೇರ್ಪಡಿಸಬಹುದು: ಎರಡು ಸುತ್ತುಗಳಲ್ಲಿ ಒಂದಿನಿತೂ ಕದಲದೆ ಮೂರನೆಯದರಲ್ಲಿ ತಟಕ್ಕನೆ ನೆಗೆಯುವ ಸಂಖ್ಯೆ ಬಹುಮಟ್ಟಿಗೆ ವಿಳಂಬದ ಗುರುತು. ಇಡೀ ಕ್ಷೇತ್ರದ ಮೊತ್ತವನ್ನಷ್ಟೇ ತೋರುವ ಫಲಕದಲ್ಲಿ ಆ ಸೂಕ್ಷ್ಮ ಕಾಣಿಸುವುದಿಲ್ಲ.

‘ಆರು ಗಂಟೆಯ ಆಚೆ’ ಎಂಬುದು ಅಕ್ರಮವೇನಲ್ಲ. ಮೇ ತಿಂಗಳ ಬಿಸಿಲಿನಲ್ಲಿ ನಡುಹಗಲು ಮನೆಯಲ್ಲಿಯೇ ಉಳಿದು ಹೊತ್ತು ಇಳಿದ ಮೇಲೆ ಹೊರಡುವವರು ನಮ್ಮ ಕಡೆ ಬಹುಜನ. ಆರು ಹೊಡೆಯುವಾಗ ಸಾಲಿನಲ್ಲಿ ನಿಂತಿರುವ ಎಲ್ಲರಿಗೂ ಮತದ ಹಕ್ಕುಂಟು. ಅಧ್ಯಕ್ಷಾಧಿಕಾರಿಯು ತನ್ನ ರುಜುವಿರುವ, ಕ್ರಮಸಂಖ್ಯೆಯ ಚೀಟಿಗಳನ್ನು ಅವರಿಗೆ ಹಂಚುತ್ತಾನೆ. ಒಂದನೆಯ ಚೀಟಿ ಸಾಲಿನ ಕಟ್ಟಕಡೆಯಲ್ಲಿರುವವನಿಗೆ. ಅಲ್ಲಿಂದ ಬಾಗಿಲ ಕಡೆಗೆ ಹಂಚುತ್ತ ಬರುವುದರಿಂದ ತಡವಾಗಿ ಬಂದವನು ಬಾಲಕ್ಕೆ ಸೇರಿಕೊಳ್ಳಲು ಎಡೆಯೇ ಇರುವುದಿಲ್ಲ. ಇಷ್ಟು ಅಚ್ಚುಕಟ್ಟಾದ ಉಪಾಯವನ್ನು ಯೋಚಿಸಿದವರಿಗೆ ಮೆಚ್ಚುಗೆ ಸಲ್ಲಬೇಕು.

ಕಡೆಯ ಮತ ಬಿದ್ದ ಬಳಿಕ ಕಂಟ್ರೋಲ್ ಯೂನಿಟ್ಟಿನ ‘ಕ್ಲೋಸ್’ ಗುಂಡಿಯನ್ನು ಒತ್ತುತ್ತಾರೆ. ಅಲ್ಲಿ ತೋರುವ ಮೊತ್ತವನ್ನು ನಮೂನೆ 17ಸಿ ಎಂಬ ಹಾಳೆಯ ಮೊದಲ ಭಾಗದಲ್ಲಿ ಬರೆಯುತ್ತಾರೆ. ಮತದಾರರು ರುಜು ಹಾಕಿದ 17ಎ ಪುಸ್ತಕದೊಡನೆ ಅದು ತಾಳೆಯಾಗಬೇಕು: ರುಜು ಹಾಕಿಯೂ ಮತ ಹಾಕಲೊಲ್ಲೆನೆಂದು ಹಿಂದಿರುಗಿದವರಿದ್ದರೆ ಅವರ ಸಂಖ್ಯೆಯನ್ನು ಬೇರೆಯಾಗಿ ಕಾಣಿಸತಕ್ಕದ್ದು. ಈ ಹಾಳೆಯ ದೃಢೀಕೃತ ಪ್ರತಿಯನ್ನು ಹಾಜರಿರುವ ಪ್ರತಿಯೊಬ್ಬ ಏಜೆಂಟನಿಗೂ ಅಲ್ಲಿಯೇ ಕೊಡಬೇಕೆಂಬುದು ನಿಯಮ. ಕಾನೂನಿನ ದೃಷ್ಟಿಯಲ್ಲಿ ಬೆಲೆಯುಳ್ಳ ಲೆಕ್ಕವು ಇದೇ. ಆ್ಯಪಿನ ಶೇಕಡಾವಾರಿಗೆ ಅಂತಹ ಅಧಿಕಾರವಿಲ್ಲ. ಆದರೆ ದೂರದ ಹಳ್ಳಿಯ ಸಿಬ್ಬಂದಿ ಯಂತ್ರ, ಕಾಗದಪತ್ರಗಳೊಡನೆ ಬಸ್ಸಿನಲ್ಲಿ ಬಂದು ಅವನ್ನು ಒಪ್ಪಿಸುವಾಗ ನಡುರಾತ್ರಿಯಾಗಿರುತ್ತದೆ. ಮರುದಿನ ಕಾಗದಗಳ ಪರಿಶೀಲನೆ, ಎಲ್ಲಿಯಾದರೂ ಮರುಮತದಾನ ನಡೆದರೆ ಅದರ ಸೇರ್ಪಡೆ. ಎಂಟು ಗಂಟೆಯಿಂದ ಹನ್ನೊಂದೂ ನಲವತ್ತರವರೆಗಿನ ಏರಿಕೆಯ ಬಹುಭಾಗವನ್ನು ಈ ಬಸ್ಸುಗಳ ಹಾದಿಯೇ ವಿವರಿಸುತ್ತದೆ.

ವಿವಾದ ತೀವ್ರವಾದುದು ಮೊದಲ ಹಂತದ ವಿಷಯದಲ್ಲಿ. ಏಪ್ರಿಲ್ 19ರ ಮತದಾನದ ಪ್ರಮಾಣವನ್ನು ಆ ಸಂಜೆ ಸುಮಾರು ಶೇ. 60 ಎಂದಿದ್ದ ಆಯೋಗವು ಶೇ. 66.14 ಎಂಬ ಅಂಕಿಯನ್ನು ಪ್ರಕಟಿಸಿದ್ದು ಏಪ್ರಿಲ್ 30ರಂದು. ಅದೂ ಮತದಾರರ ನಿಜಸಂಖ್ಯೆಗಳನ್ನು ಕೊಡದೆ ಬರಿಯ ಶೇಕಡಾವಾರಾಗಿ. 17ಸಿ ಹಾಳೆಗಳನ್ನೇ ಪ್ರಕಟಿಸಬೇಕೆಂಬ ಅರ್ಜಿಯ ಮೇಲೆ ಮಧ್ಯಂತರ ಆದೇಶ ನೀಡಲು ಸರ್ವೋಚ್ಚ ನ್ಯಾಯಾಲಯವು ಮೇ 24ರಂದು ಒಪ್ಪಲಿಲ್ಲ. ಮರುದಿನವೇ ಆಯೋಗವು ಐದು ಹಂತಗಳ ಕ್ಷೇತ್ರವಾರು ಮತಸಂಖ್ಯೆಗಳನ್ನು ತಾನಾಗಿ ಹೊರಗೆಡಹಿತು. ನನ್ನ ಮಟ್ಟಿಗೆ ಹೇಳುವುದಾದರೆ, ಅಂಕಿ ಏರಿದುದರಲ್ಲಿ ಸೋಜಿಗವಿಲ್ಲ. ಹನ್ನೊಂದು ದಿನಗಳ ಮೌನವೇ ಅನುಮಾನಕ್ಕೆ ಗೊಬ್ಬರವಾಯಿತು.

2025ರ ಜೂನಿನಲ್ಲಿ ಆಯೋಗವು ಈ ಕ್ರಮವನ್ನು ಬದಲಿಸಿರುವುದಾಗಿ ಘೋಷಿಸಿತು. ಇನ್ನು ಮುಂದೆ ಅಧ್ಯಕ್ಷಾಧಿಕಾರಿಯೇ ‘ಇಸಿಐನೆಟ್’ ಎಂಬ ಆ್ಯಪಿನಲ್ಲಿ ಎರಡು ಗಂಟೆಗೊಮ್ಮೆ ಸಂಖ್ಯೆಯನ್ನು ತುಂಬತಕ್ಕದ್ದು, ಮತಗಟ್ಟೆ ಬಿಡುವ ಮುನ್ನ ಕೊನೆಯ ಮೊತ್ತವನ್ನೂ ತುಂಬತಕ್ಕದ್ದು. ನೆಟ್‌ವರ್ಕ್ ಇಲ್ಲದೆಡೆ ಬರೆದಿಟ್ಟು, ಸಂಪರ್ಕ ದೊರೆತಾಗ ಕಳುಹಿಸಬಹುದು. ನಮ್ಮ ಲೆಕ್ಕದಲ್ಲಿ ವಿಳಂಬದ ನಾಲ್ಕೂವರೆ ಅಂಶಗಳನ್ನು ಇದು ಕುಗ್ಗಿಸೀತು. ಸಾಲಿನಲ್ಲಿ ನಿಂತವರ ಐದು ಅಂಶಗಳು ಹಾಗೆಯೇ ಉಳಿಯುತ್ತವೆ. ಆ ಕೊನೆಯ ಶೇಕಡಾವಾರಿನಲ್ಲಿಯೂ ಅಂಚೆ ಮತಗಳಿರುವುದಿಲ್ಲ. ಗಡಿ ಕಾಯುವ ಸೈನಿಕರ ಲಕೋಟೆಗಳು ಎಣಿಕೆಯ ದಿನ ಬೆಳಗಿನ ಎಂಟರವರೆಗೂ ಬರುತ್ತಿರಬಹುದಷ್ಟೆ.