ಗ್ಲೋಬ್ ಒಂದೇ, ಕೆಲಸ ಬೇರೆ

ಬಾಗೂರಿನ ನಮ್ಮ ಮನೆಯಲ್ಲಿ ಅಕ್ಕನ ಮಗ ಆಟವಾಡುತ್ತಾ ಅಮ್ಮನ ಆ್ಯಂಡ್ರಾಯ್ಡ್ ಫೋನನ್ನು ಅರಬ್ಬಿ ಭಾಷೆಗೆ ತಿರುಗಿಸಿಬಿಟ್ಟಿದ್ದ. ಎಡಗಡೆಯ ಚಿಹ್ನೆಗಳೆಲ್ಲ ಬಲಕ್ಕೆ ಬಂದಿದ್ದವು. ಡೇರಿ ದುಡ್ಡಿನ ಮೆಸೇಜ್ ಎಲ್ಲಿದೆಯೆಂದೇ ಅಮ್ಮನಿಗೆ ತಿಳಿಯಲಿಲ್ಲ.

ನಾನು ಮೊದಲು ಕೀಬೋರ್ಡಿನ ಗ್ಲೋಬ್ ಒತ್ತಿದೆ. ಟೈಪ್ ಮಾಡುವ ಅಕ್ಷರವಷ್ಟೇ ಬದಲಾಯಿತು, ಮೆನು ಹಾಗೇ ಉಳಿಯಿತು. ಆಮೇಲೆ ಹಲ್ಲಿನ ಚಕ್ರ ಹುಡುಕಿದೆ. ಯಾವ ಭಾಷೆಯಲ್ಲಿದ್ದರೂ ಸೆಟ್ಟಿಂಗ್ಸ್ ಅದೇ. ಒಳಗೆ, ಪಟ್ಟಿಯ ಕೊನೆಯ ಕಡೆ ವೃತ್ತದೊಳಗೆ ‘i’ ಇರುವ ಸಾಲು ತೆರೆದರೆ ಭಾಷೆಯ ಗ್ಲೋಬ್ ಸಿಕ್ಕಿತು. ಕೆಲವು ಫೋನ್‌ಗಳಲ್ಲಿ ಅದರ ಬದಲು ಚೀನಿ ಅಕ್ಷರದ ಪಕ್ಕ ‘A’ ಇರುತ್ತದೆ.

ಸರಿಯಾದ ಜಾಗಕ್ಕೆ ಬಂದಿದ್ದೇವೆ ಎನ್ನಲು ಒಂದೇ ಗುರುತು: ಅಲ್ಲಿ ಪ್ರತಿ ಭಾಷೆಯ ಹೆಸರು ಅದರದೇ ಲಿಪಿಯಲ್ಲಿರುತ್ತದೆ. ಎರಡನೆಯ ಸಾಲಿನಲ್ಲಿ ‘ಕನ್ನಡ’ ಕಂಡಿತು. ಹಿಡಿದು ಮೇಲಕ್ಕೆಳೆದೆ. ಅಮ್ಮ ಮೆಸೇಜ್ ಓದಿದಳು.